ಟಿಪ್ಪಣಿಯಿಂದ ನಡಾವಳಿಗೆ: ನಮ್ಮ ಹಾಲಿನ ಸಂಘದಲ್ಲಿ ನಾನು ಅನುಸರಿಸಿದ ಕ್ರಮ

ಮಂಡ್ಯ ಜಿಲ್ಲೆಯ ಒಂದು ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ನಾನು ಕಾರ್ಯದರ್ಶಿಯಾಗಿದ್ದೇನೆ. ಆಡಳಿತ ಮಂಡಳಿಯ ಸಭೆಯಲ್ಲಿ ಗೀಚಿಕೊಂಡ ಏಳೆಂಟು ಪುಟದ ಟಿಪ್ಪಣಿಯನ್ನು ಎರಡು ಪುಟದ ನಡಾವಳಿಯಾಗಿಸುವ ಕ್ರಮವೊಂದು ಸುಮಾರು ಎರಡು ವರ್ಷಗಳ ಪ್ರಯತ್ನದ ನಂತರ ನನ್ನ ಕೈಗೆ ಹತ್ತಿದೆ. ನಾನು ಇದನ್ನು ಆರಂಭಿಸಿದಾಗ ನಮ್ಮ ಹಿರಿಯ ನಿರ್ದೇಶಕರೊಬ್ಬರು, "ಠರಾವು ಬರೆದು ಸಹಿ ಹಾಕಿಸಿದರೆ ಆಯ್ತು, ಇದೇನ್ ಪೊಲೀಸ್ ಮಹಜರಾ?" ಎಂದಿದ್ದರು. ಈಗ ಅವರೇ ಸಭೆಗೆ ಬಂದ ಕೂಡಲೇ ಹಿಂದಿನ ಸಭೆಯ ಬಾಕಿ ಕೆಲಸಗಳ ಪಟ್ಟಿಯನ್ನು ಕೇಳುತ್ತಾರೆ.

ನಮ್ಮಲ್ಲಿ ಮೊದಲು ಬರೆಯುತ್ತಿದ್ದುದು ಎಲ್ಲ ಸಂಘಗಳಲ್ಲಿಯೂ ಬರೆಯುವಂಥದ್ದೇ ಆಗಿತ್ತು: "ಸುದೀರ್ಘವಾಗಿ ಚರ್ಚಿಸಿ, ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು." ಆ ಸೂಕ್ತ ಕ್ರಮ ಯಾವುದು, ಯಾರದು, ಎಂದಿಗೆ ಎಂಬುದು ಪುಸ್ತಕದಲ್ಲಿ ಎಲ್ಲಿಯೂ ಇರುತ್ತಿರಲಿಲ್ಲ. ಹಾಲು ಶೀತಲೀಕರಣ ಘಟಕದ ಜನರೇಟರನ್ನು ದುರಸ್ತಿ ಮಾಡಿಸಬೇಕೆಂದು ಇದೇ ಮಾತಿನಲ್ಲಿ ಎರಡು ಸಭೆಗಳಲ್ಲಿ ಬರೆದಾಯಿತು. ಅಷ್ಟರಲ್ಲಿ ಒಂದು ರಾತ್ರಿ ಕರೆಂಟು ಹೋಗಿ, ಜನರೇಟರ್ ಚಾಲೂ ಆಗದೆ, ಸಾವಿರ ಲೀಟರಿನಷ್ಟು ಹಾಲು ಹುಳಿಯಾಯಿತು. ನಷ್ಟ ಮೂವತ್ತು ಸಾವಿರ ರೂಪಾಯಿಗೆ ಕಡಿಮೆಯಿರಲಿಲ್ಲ. ಪುಸ್ತಕ ತೆರೆದು ನೋಡಿದರೆ ಹೊಣೆ ಯಾರದೆಂದು ಹೇಳುವ ಒಂದು ಸಾಲೂ ಸಿಗಲಿಲ್ಲ.

ಮೊದಲು ಸಭೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿ ಬರೆಯಲು ನೋಡಿದೆ. ಎರಡು ಗಂಟೆಯ ಸಭೆಯನ್ನು ಬರಹಕ್ಕಿಳಿಸಲು ಎರಡು ರಾತ್ರಿ ಬೇಕಾಯಿತು. ನಾಲ್ಕು ಜನ ಒಟ್ಟಿಗೆ ಮಾತನಾಡಿದ ಕಡೆ ಯಾರ ಮಾತೆಂದೇ ತಿಳಿಯಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಧ್ವನಿಮುದ್ರಣವಾಗುತ್ತಿದೆಯೆಂದು ತಿಳಿದ ನಿರ್ದೇಶಕರು ಹಣದ ವಿಷಯವನ್ನು ಹೊರಗೆ ಜಗಲಿಯಲ್ಲಿ ಮಾತನಾಡತೊಡಗಿದರು. ಬಳಿಕ ಡಿಟಿಪಿ ಅಂಗಡಿಯಲ್ಲಿ ತುಂಬಿಸಲು ಗೆರೆ ಎಳೆದ ಮನೆಗಳಿರುವ ನಮೂನೆಯನ್ನು ಮಾಡಿಸಿ ಮುದ್ರಿಸಿದೆ. ಸಾವಿರ ರೂಪಾಯಿಯ ಮೇಲೆ ಖರ್ಚಾಯಿತು. ಚರ್ಚೆ ನಮೂನೆಯ ಕ್ರಮದಲ್ಲಿ ನಡೆಯುವುದಿಲ್ಲ. ಮೇವಿನ ಬೀಜದ ಮಾತು ಫ್ಯಾಟ್ ಪರೀಕ್ಷೆಗೆ ಹೊರಳಿ ಅಲ್ಲಿಂದ ಶಾಲೆಯ ಫ್ಯಾನಿಗೆ ಹೋಗುತ್ತದೆ. ಮನೆ ತುಂಬಿಸುವ ಗಡಿಬಿಡಿಯಲ್ಲಿ ಮಾತೇ ತಪ್ಪಿಹೋಗುತ್ತಿತ್ತು. ಆದ್ದರಿಂದ ಸಭೆಯಲ್ಲಿ ಮಾತು ಬಂದ ಹಾಗೆಯೇ, ಆಡುಮಾತಿನಲ್ಲಿಯೇ, ಹೇಳಿದವರ ಗುರುತಿನೊಂದಿಗೆ ಬರೆದುಕೊಳ್ಳುವುದು, ಬೇರ್ಪಡಿಸುವ ಕೆಲಸವನ್ನು ಆಮೇಲೆ ಮಾಡುವುದು ಎಂದು ನಿಶ್ಚಯಿಸಿದೆ.

ಬೇರ್ಪಡಿಸಲು ನಾನು ನೋಡುವುದು ಕ್ರಿಯಾಪದವನ್ನು. "ಮಾಡಿಸಿದರೆ ಒಳ್ಳೇದು" ಎಂಬುದು ಅಭಿಪ್ರಾಯ; ಅದು ನಡಾವಳಿಗೆ ಬರುವುದಿಲ್ಲ. "ಮಾಡೋಣ" ಎಂಬುದು ಒಪ್ಪಿಗೆಯಂತೆ ಕೇಳಿಸಿದರೂ ಅದಕ್ಕೆ ಕರ್ತೃವಿಲ್ಲ, ಆದ್ದರಿಂದ ಅದರ ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕುತ್ತೇನೆ. "ನಾನು ಮಾಡಿಸ್ತೀನಿ" ಎಂಬುದು ಹೊಣೆ, ಅದಕ್ಕೆ ಅಡಿಗೆರೆ. ಅಧ್ಯಕ್ಷರು "ಸರಿ, ಹಂಗೇ ಆಗ್ಲಿ" ಎಂದು, ಬೇರೆಯವರು ಎದುರಾಡದೆ ಬಿಟ್ಟ ಸಾಲು ನಿರ್ಣಯ, ಅದಕ್ಕೆ ಚೌಕ.

ಜನರೇಟರಿನ ವಿಷಯ ಮತ್ತೆ ಬಂದ ಸಭೆಯ ನನ್ನ ಟಿಪ್ಪಣಿ ಹೀಗಿತ್ತು:

"ಜನರೇಟರ್ ಮತ್ತೆ ಕೈ ಕೊಟ್ತು. ಹೊಸದೇ ತಗೊಳ್ಳೋಣ – ಕೆರೆ ಬೀದಿಯವರು. ಮೂರು ಲಕ್ಷ ಎಲ್ಲಿಂದ ತರೋದು – ಅಧ್ಯಕ್ಷರು. ಮಂಡ್ಯದ ಮೆಕ್ಯಾನಿಕ್ ಗೊತ್ತು, ನಾನು ಕರೆಸ್ತೀನಿ – ಉಪಾಧ್ಯಕ್ಷರು. ಎರಡು ಕೊಟೇಷನ್ ಆದ್ರೂ ಇರ್ಲಿ. ಶಾಲೆಗೆ ಫ್ಯಾನ್ ಕೇಳ್ತಾವ್ರೆ. ಮೊದಲು ರಿಪೇರಿ, ಇಪ್ಪತ್ತೈದು ಸಾವಿರದೊಳಗೆ, ಸರಿ. ಈ ಬಟವಾಡೆ ಕಳೀಲಿ."

ಇಲ್ಲಿ ಚೌಕ ಬಿದ್ದದ್ದು ಒಂದೇ ಸಾಲಿಗೆ, ಅಡಿಗೆರೆ ಒಂದೇ ಮಾತಿಗೆ. ಹೊಸ ಜನರೇಟರ್ ಬೇಡವೆಂದಾಯಿತೇ, ಮುಂದೆ ನೋಡುವುದೆಂದಾಯಿತೇ ಎಂಬುದು ಟಿಪ್ಪಣಿಯಲ್ಲಿ ಇಲ್ಲ. ಇಂಥ ಕಡೆ ನಾವೇ ಊಹಿಸಿ "ಮುಂದೂಡಲಾಯಿತು" ಎಂದು ಬರೆಯುವ ಆಸೆ ಬರುತ್ತದೆ, ಆದರೆ ಹಾಗೆ ಬರೆದರೆ ಸಭೆ ಮಾಡದ ತೀರ್ಮಾನವನ್ನು ಕಾರ್ಯದರ್ಶಿಯೇ ಮಾಡಿದಂತಾಗುತ್ತದೆ. "ಬಟವಾಡೆ ಕಳೀಲಿ" ಎಂಬುದೂ ಗಡುವಲ್ಲ. ಹಾಲಿನ ಹಣದ ಯಾವ ಬಟವಾಡೆ, ಅದು ಕಳೆದು ಎಷ್ಟು ದಿನ ಎಂಬುದು ಬೇಕು. ಅದಕ್ಕಾಗಿಯೇ ಚಹಾ ಬರುವ ಹೊತ್ತಿಗೆ, ಯಾರೂ ಎದ್ದು ಹೋಗುವ ಮೊದಲು, ಪ್ರಶ್ನೆಯ ಗುರುತಿರುವ ಸಾಲುಗಳನ್ನು ಮಾತ್ರ ಗಟ್ಟಿಯಾಗಿ ಓದಿ, "ಹೀಗೆ ಬರೆದುಕೊಳ್ಳಲೇ? ಯಾರ ಹೆಸರಿಗೆ? ಯಾವ ತಾರೀಖು?" ಎಂದು ಕೇಳುತ್ತೇನೆ. ಹತ್ತು ನಿಮಿಷದ ಕೆಲಸವಷ್ಟೇ. ಆ ದಿನ ಅಧ್ಯಕ್ಷರು ಖರೀದಿಯ ಮಾತನ್ನು ಮುಂದಿನ ಸಭೆಗಿಡಿ ಎಂದರು. ಪುಸ್ತಕಕ್ಕೆ ಬಂದದ್ದು ಇದು:

"ವಿಷಯ 3. ಜನರೇಟರ್ ದುರಸ್ತಿ. ಎರಡು ದರಪಟ್ಟಿ ಪಡೆದು, 25,000 ರೂಪಾಯಿ ಮೀರದಂತೆ ದುರಸ್ತಿ ಮಾಡಿಸಲು ತೀರ್ಮಾನಿಸಲಾಯಿತು. ಹೊಸ ಜನರೇಟರ್ ಖರೀದಿಯ ವಿಷಯವನ್ನು ಮುಂದಿನ ಸಭೆಯಲ್ಲಿ ಮಂಡಿಸುವುದು. ಕ್ರಮ: ದರಪಟ್ಟಿ ತರಿಸುವುದು, ಉಪಾಧ್ಯಕ್ಷರು, ಜುಲೈ 8ರೊಳಗೆ. ದುರಸ್ತಿ ಮುಗಿಸಿ ಬಿಲ್ಲು ಮಂಡಿಸುವುದು, ಕಾರ್ಯದರ್ಶಿ, ಜುಲೈ 15ರೊಳಗೆ."

ಇದರ ಕೆಳಗೆ ಸೂಚಕರು, ಅನುಮೋದಕರ ಹೆಸರು ಎಂದಿನಂತೆಯೇ. ಆದರೆ ಅವರನ್ನು ಹೊಣೆಗಾರರೆಂದು ತಿಳಿಯಬಾರದು. ಸೂಚಿಸಿದವರೇ ಕೆಲಸ ಮಾಡಿಸುತ್ತಾರೆಂದು ನಂಬಿ ನಮ್ಮಲ್ಲಿ ಎಷ್ಟೋ ಕೆಲಸಗಳು ನಿಂತಿದ್ದವು. ಹೊಣೆ ಒಬ್ಬರ ಹೆಸರಿಗೇ ಇರಬೇಕು. "ಅಧ್ಯಕ್ಷರು ಮತ್ತು ಕಾರ್ಯದರ್ಶಿ" ಎಂದು ಬರೆದ ಕಡೆಯಲ್ಲೆಲ್ಲ ಒಬ್ಬರು ಇನ್ನೊಬ್ಬರನ್ನು ಕಾಯುತ್ತಾರೆ. ಸಭೆಗೆ ಬಾರದವರ ಹೆಸರಿಗೆ ಕೆಲಸ ಬಿದ್ದರೆ, ಅವರಿಗೆ ತಿಳಿಸುವ ಹೊಣೆಯನ್ನು ಹಾಜರಿದ್ದ ಒಬ್ಬರ ಹೆಸರಿಗೆ ಬರೆಯುತ್ತೇನೆ.

ಹಾಜರಾತಿಯಲ್ಲಿಯೂ ಒಂದು ಸೂಕ್ಷ್ಮವಿದೆ. ಸಹಿ ಹಾಕಿ ನಡುವೆಯೇ ಎದ್ದು ಹೋಗುವವರು ನಮ್ಮಲ್ಲಿ ಇಬ್ಬರು ಮೂವರು ಇದ್ದೇ ಇರುತ್ತಾರೆ. ಅವರು ಯಾವ ವಿಷಯದ ನಂತರ ಹೊರಟರೆಂದು ಅಂಚಿನಲ್ಲಿ ಬರೆದುಕೊಳ್ಳುತ್ತೇನೆ, ಏಕೆಂದರೆ ಕೊನೆಯ ವಿಷಯದ ಹೊತ್ತಿಗೆ ಬೈಲಾದಲ್ಲಿರುವ ಕೋರಂ ಉಳಿದಿತ್ತೇ ಎಂಬುದು ತಕರಾರಾದಾಗ ಅದೊಂದೇ ಆಧಾರ. ಹಾಲು ಒಕ್ಕೂಟದಿಂದ ಬಂದ ವಿಸ್ತರಣಾಧಿಕಾರಿಗಳನ್ನು ಆಹ್ವಾನಿತರೆಂದು ಬೇರೆಯಾಗಿ ಬರೆಯುತ್ತೇನೆ. ಅವರನ್ನು ಕೋರಂ ಲೆಕ್ಕಕ್ಕೆ ಸೇರಿಸುವುದಿಲ್ಲ.

ನಡುವೆ ಬಣ್ಣದ ಪೆನ್ನುಗಳನ್ನೂ ಪ್ರಯೋಗಿಸಿದೆ: ನಿರ್ಣಯಕ್ಕೆ ಕೆಂಪು, ಹೊಣೆಗೆ ಹಸಿರು. ಸಭೆಯ ಬಿಸಿಯಲ್ಲಿ ಪೆನ್ನು ಬದಲಿಸಲಾಗದೆ ಕೈಬಿಟ್ಟೆ. ಬಾಕಿ ಕೆಲಸಗಳನ್ನು ಮಾತ್ರ ವಾಟ್ಸಾಪ್ ಗುಂಪಿಗೆ ಹಾಕುವುದು ಚೆನ್ನಾಗಿ ಹಿಡಿಯಿತು. ಪೂರ್ತಿ ನಡಾವಳಿ ಹಾಕಿದಾಗ ಓದುವವರಿರಲಿಲ್ಲ, ಐದಾರು ಸಾಲಿನ ಪಟ್ಟಿಯನ್ನು ಎಲ್ಲರೂ ಓದುತ್ತಾರೆ. ಗಡುವಿಗೆ ಎರಡು ದಿನ ಮೊದಲು ಸಂಬಂಧಪಟ್ಟವರಿಗೆ ಬೇಸರವಾಗದಂತೆ ನೆನಪಿಸಲು ನನ್ನದೊಂದು ರೀತಿಯಿದೆ. ಅದನ್ನು ಬರೆದರೆ ನಮ್ಮ ನಿರ್ದೇಶಕರೂ ಓದಿಬಿಡುತ್ತಾರೆ, ಆದ್ದರಿಂದ ಇಲ್ಲಿ ಬಿಟ್ಟಿದ್ದೇನೆ.

ಫಲದ ಮಾತು ಹೇಳುವುದಾದರೆ, ಆ ಜನರೇಟರ್ ಹತ್ತೊಂಬತ್ತು ಸಾವಿರ ಚಿಲ್ಲರೆಯಲ್ಲಿ, ಗಡುವು ಕಳೆದು ಮೂರು ನಾಲ್ಕು ದಿನಗಳಲ್ಲಿ ದುರಸ್ತಿಯಾಯಿತು. ಲೆಕ್ಕಪರಿಶೋಧನೆಯಲ್ಲಿ "ನಿರ್ಣಯದಲ್ಲಿ ಮೊತ್ತ ನಮೂದಾಗಿಲ್ಲ" ಎಂಬ ಆಕ್ಷೇಪಣೆ ಹಿಂದೆ ಹತ್ತು ಹನ್ನೆರಡು ಬಿಲ್ಲುಗಳಿಗೆ ಬರುತ್ತಿತ್ತು. ಕಳೆದ ಸಲ ಒಂದೋ ಎರಡೋ ಬಂದವು. ಸುತ್ತಿನ ಸಂಘಗಳ ಮೂವರು ಕಾರ್ಯದರ್ಶಿಗಳು ನಮ್ಮ ಪುಸ್ತಕವನ್ನು ನೋಡಿಕೊಂಡು ಹೋಗಿದ್ದಾರೆ.

ವಾರ್ಷಿಕ ಮಹಾಸಭೆಗೆ ಈ ಕ್ರಮ ಪೂರ್ತಿಯಾಗಿ ಒಗ್ಗುವುದಿಲ್ಲ. ಇನ್ನೂರು ಜನರ ನಡುವೆ ಯಾರು ಎದುರಾಡದೆ ಬಿಟ್ಟರೆಂದು ತಿಳಿಯುವಂತಿಲ್ಲ. ಅಲ್ಲಿ ನಾನು ಮತ್ತು ಹಾಲು ಪರೀಕ್ಷಕರು ಬೇರೆ ಬೇರೆ ಕಡೆ ಕುಳಿತು ಟಿಪ್ಪಣಿ ಮಾಡಿಕೊಳ್ಳುತ್ತೇವೆ, ಪ್ರತಿ ನಿರ್ಣಯವನ್ನು ಅಧ್ಯಕ್ಷರು ಮೈಕಿನಲ್ಲಿ ಓದಿ ಕೈ ಎತ್ತಿಸಿದ ಮೇಲಷ್ಟೇ ಚೌಕ ಹಾಕುತ್ತೇವೆ, ಎರಡೂ ಟಿಪ್ಪಣಿಗಳನ್ನು ಅಂದು ಸಂಜೆಯ ಹಾಲು ಅಳೆಯುವ ಮೊದಲೇ ತಾಳೆ ನೋಡುತ್ತೇವೆ.