ಬಸುರಿಯ ಮಲಬದ್ಧತೆ: ಮಾತ್ರೆ ಬಿಡಬೇಡಿ, ಪಲ್ಯ ಬಿಡಬೇಡಿ

ಮಂಡ್ಯದ ನಮ್ಮ ಬೀದಿಯ ಹುಡುಗಿಯೊಬ್ಬಳು ಏಳು ತಿಂಗಳಿಗೆ ತವರಿಗೆ ಬಂದಿದ್ದಳು. ಮೂರು ದಿನಕ್ಕೊಮ್ಮೆ ಕಕ್ಕಸಿಗೆ ಹೋದರೂ ಕಲ್ಲಿನಂತೆ ಗಟ್ಟಿ. ಮುಕ್ಕಿ ಮುಕ್ಕಿ ಮೂಲವ್ಯಾಧಿಯಾಗಿ ರಕ್ತವೂ ಕಾಣಿಸಿತು. ಹೆದರಿದವಳು ಮೊದಲು ನಿಲ್ಲಿಸಿದ್ದು ಕಬ್ಬಿಣಾಂಶದ ಮಾತ್ರೆ. ಅದೊಂದನ್ನು ಮಾತ್ರ ಮಾಡಬೇಡಿ ತಾಯಿ. ಆ ಮಾತ್ರೆಯಿಂದ ಮಲ ಗಟ್ಟಿಯಾಗುವುದು ನಿಜ, ಕಪ್ಪಗಾಗುವುದೂ ಸಹಜ. ಆದರೆ ಹೆರಿಗೆಯ ಹೊತ್ತಿಗೆ ಮೈಯಲ್ಲಿ ರಕ್ತ ಇರಬೇಕಲ್ಲ! ತೀರಾ ಕಷ್ಟವಾದರೆ ಡಾಕ್ಟರಿಗೆ ಹೇಳಿ, ಅವರು ಬೇರೆ ಮಾತ್ರೆ ಬರೆಯಬಹುದು.

ತಪ್ಪು ಬರೀ ಮಾತ್ರೆಯದ್ದಲ್ಲ. ಬಸುರಿಯಲ್ಲಿ ಕರುಳಿನ ಓಟವೇ ನಿಧಾನ, ಮೇಲೆ ಮಗುವಿನ ಭಾರ ಬೇರೆ. ಅವಳ ತಟ್ಟೆ ನೋಡಿದೆ. ಮುದ್ದೆ ಇತ್ತು, ಬಸ್ಸಾರು ಇತ್ತು, ಬಸಿದ ಸೊಪ್ಪು ಕಾಳಿನ ಪಲ್ಯ ಮಾತ್ರ ಪಕ್ಕಕ್ಕೆ ಸರಿದಿತ್ತು. ನಾರು ಹೆಚ್ಚಾಗಿರುವುದೇ ಆ ಪಲ್ಯದಲ್ಲಿ! ಎರಡು ಹೊತ್ತೂ ಒಂದೊಂದು ಬಟ್ಟಲು ಪಲ್ಯ, ಸಂಜೆಗೆ ಒಂದು ಸೀಬೆಹಣ್ಣು, ದಿನಕ್ಕೆ ಎಂಟು ಹತ್ತು ಲೋಟ ನೀರು ಅಂತ ಶುರು ಮಾಡಿಸಿದೆವು. ನಾರು ಹೆಚ್ಚಿಸಿ ನೀರು ಹೆಚ್ಚಿಸದಿದ್ದರೆ ಹೊಟ್ಟೆ ಇನ್ನಷ್ಟು ಕಟ್ಟಿಕೊಳ್ಳುತ್ತದೆ.

ಅಷ್ಟಕ್ಕೂ ಸರಿಹೋಗದಿದ್ದಾಗ ಡಾಕ್ಟರು ಇಸಬ್‌ಗೋಲ್ ಹೇಳಿದರು. ಒಂದು ಚಮಚವನ್ನು ದೊಡ್ಡ ಲೋಟ ನೀರಿಗೆ ಹಾಕಿ, ಗಂಜಿಯಾಗುವ ಮುಂಚೆಯೇ ಕುಡಿದು, ಮೇಲೊಂದು ಲೋಟ ನೀರು ಕುಡಿಯಬೇಕು. ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಲ್ಯಾಕ್ಟುಲೋಸ್ ಸಿರಪ್ಪನ್ನೂ ಬಸುರಿಯರಿಗೆ ಕೊಡುತ್ತಾರೆ. ಹರಳೆಣ್ಣೆ ಮಾತ್ರ ಬೇಡವೇ ಬೇಡ, ಅದು ಹೆರಿಗೆ ನೋವು ಬರಿಸಬಹುದು. ನಾಟಿ ಭೇದಿ ಪುಡಿಗಳೂ ಬೇಡ.

ಮೂಲದ ಉರಿಗೆ, ಅಗಲ ಬೇಸಿನ್ನಿನಲ್ಲಿ ಕೈಗೆ ಹಿತವಾಗುವಷ್ಟು ಬೆಚ್ಚನೆ ನೀರು ಹಾಕಿ, ಹತ್ತು ಹದಿನೈದು ನಿಮಿಷ ಕೂರಬೇಕು, ದಿನಕ್ಕೆ ಎರಡು ಮೂರು ಸಲ. ಕೂರುವಾಗ ಏಳುವಾಗ ಯಾರಾದರೂ ಕೈ ಹಿಡಿಯಲಿ. ಊದಿಕೊಂಡಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಸ್ವಲ್ಪ ಹೊತ್ತು ಇಟ್ಟರೆ ಹಿತ. ಕಮೋಡ್ ಇದ್ದರೆ ಕಾಲಡಿ ಮಣೆಯಿಡಿ, ಮುಕ್ಕಬೇಡಿ, ಫೋನ್ ಹಿಡಿದು ಕೂರಬೇಡಿ. ಮುಲಾಮನ್ನು ಅಂಗಡಿಯಿಂದ ಸುಮ್ಮನೆ ತರದೆ, ಡಾಕ್ಟರನ್ನು ಕೇಳಿಯೇ ಹಚ್ಚಿ.

ಮಲದ ಜೊತೆ ಕೆಂಪು ಹನಿ ಬಿದ್ದರೆ ಸಾಮಾನ್ಯವಾಗಿ ಮೂಲದ್ದು, ಆದರೂ ಒಮ್ಮೆ ತೋರಿಸಿ. ಒಳಬಟ್ಟೆಯಲ್ಲಿ ರಕ್ತ ಕಂಡು ಎಲ್ಲಿಂದ ಅಂತ ಗೊತ್ತಾಗದಿದ್ದರೆ, ರಕ್ತ ನಿಲ್ಲದಿದ್ದರೆ, ಮೂಲದ ಗಂಟು ನೀಲಿಗಟ್ಟಿ ಕೂರಲಾಗದಷ್ಟು ನೋವಾದರೆ, ಹೊಟ್ಟೆನೋವಿನ ಜೊತೆ ವಾಂತಿಯಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಹೆರಿಗೆಯಾದ ಮೇಲೆ ಮೂಲ ಹೆಚ್ಚಿನವರಿಗೆ ತಾನಾಗೇ ಇಳಿಯುತ್ತದೆ. ಆದರೆ ಬಾಣಂತಿಗೆ ನೀರು ಕಮ್ಮಿ, ಸೊಪ್ಪು ಬೇಡ ಅನ್ನುವ ಮನೆಗಳಿವೆ. ಅಂಥ ಪಥ್ಯ ಮಾಡಿಸಿದರೆ ಮತ್ತೆ ಗಟ್ಟಿಯಾಗಿ ಹೊಲಿಗೆಯ ಜಾಗವೂ ನೋಯುತ್ತದೆ. ಹಾಲೂಡಿಸುವ ತಾಯಿಗೆ ನೀರು, ಪಲ್ಯ ಎರಡನ್ನೂ ಕೊಡಿ.