ಜುಲೈಯಲ್ಲಿ ಎಷ್ಟು ಕಡಿಮೆಯಾದರೆ ಸರಿ: ಚಾವಣಿ ಸೌರ ಘಟಕದ ತಿಂಗಳ ಲೆಕ್ಕವನ್ನು ನಾನು ಓದುವ ಬಗೆ

ಬೆಂಗಳೂರಿನ ನಮ್ಮ ಮನೆಯ ಚಾವಣಿಯಲ್ಲಿ 5 ಕಿಲೋವ್ಯಾಟ್‌ನ ಸೌರ ಘಟಕವಿದೆ. ಎರಡು ಸ್ಟ್ರಿಂಗ್‌ಗಳಲ್ಲಿ, ಅಂದರೆ ಒಂದರ ಹಿಂದೊಂದು ತಂತಿಯಿಂದ ಜೋಡಿಸಿದ ಎರಡು ಸಾಲುಗಳಲ್ಲಿರುವ ಪ್ಯಾನೆಲ್‌ಗಳು ದಕ್ಷಿಣಕ್ಕೆ ಮುಖಮಾಡಿ ಸುಮಾರು 13 ಡಿಗ್ರಿ ಓರೆಯಾಗಿ ನಿಂತಿವೆ. ಮಾರ್ಚ್ ತಿಂಗಳಲ್ಲಿ ಇದರಿಂದ 740 ಯೂನಿಟ್‌ನ ಆಸುಪಾಸು ಬರುತ್ತದೆ, ಜುಲೈಯಲ್ಲಿ 520ರ ಆಸುಪಾಸು. ಮೋಡದಿಂದ ಉತ್ಪಾದನೆ ಇಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಇಳಿದದ್ದರಲ್ಲಿ ಆಕಾಶದ ಪಾಲೆಷ್ಟು, ಘಟಕದೊಳಗಿನ ದೋಷದ ಪಾಲೆಷ್ಟು ಎಂಬುದನ್ನು ಯೂನಿಟ್‌ಗಳ ಸಂಖ್ಯೆಯೊಂದನ್ನೇ ನೋಡಿ ಹೇಳಲಾಗದು. ಅದಕ್ಕಾಗಿ ನಾನು ಪ್ರತಿ ತಿಂಗಳೂ ಒಂದು ಸಣ್ಣ ಲೆಕ್ಕವನ್ನು ಬರೆದಿಡುತ್ತೇನೆ.

ಮೊದಲಿಗೆ PVWatts ಎಂಬ ಉಚಿತ ತಾಣದಲ್ಲಿ ನಮ್ಮ ಊರು, ಘಟಕದ ಸಾಮರ್ಥ್ಯ, ಪ್ಯಾನೆಲ್‌ನ ಓರೆ ಮತ್ತು ದಿಕ್ಕನ್ನು ಕೊಟ್ಟು, ಹನ್ನೆರಡು ತಿಂಗಳಲ್ಲಿ ಪ್ಯಾನೆಲ್‌ನ ಒಂದು ಚದರ ಮೀಟರಿನ ಮೇಲೆ ಸಾಧಾರಣವಾಗಿ ಎಷ್ಟು ಬಿಸಿಲು ಬೀಳುತ್ತದೆ ಎಂಬ ಪಟ್ಟಿಯನ್ನು ತೆಗೆದುಕೊಂಡೆ. ಮಾರ್ಚ್‌ನಲ್ಲಿ ದಿನಕ್ಕೆ 6.3 ಯೂನಿಟ್‌ನಷ್ಟು ಬಿಸಿಲು ಬಿದ್ದರೆ 31 ದಿನಕ್ಕೆ ಸುಮಾರು 195 ಆಗುತ್ತದೆ. ಅದನ್ನು 5 ಕಿಲೋವ್ಯಾಟ್‌ನಿಂದ ಗುಣಿಸಿದರೆ ಬರುವ 976 ಯೂನಿಟ್, ಯಾವ ನಷ್ಟವೂ ಇಲ್ಲದಿದ್ದರೆ ಸಿಗಬೇಕಾದದ್ದು. ನಿಜವಾಗಿ ಸಿಕ್ಕಿದ 740ನ್ನು ಅದರಿಂದ ಭಾಗಿಸಿದರೆ 0.76 ಬರುತ್ತದೆ. ಇದನ್ನೇ ಈ ಕೆಲಸದಲ್ಲಿರುವವರು ಪರ್ಫಾರ್ಮೆನ್ಸ್ ರೇಷಿಯೊ ಎನ್ನುತ್ತಾರೆ. ಜುಲೈಯಲ್ಲಿ ದಿನಕ್ಕೆ 4.2ರಂತೆ ಇದೇ ಲೆಕ್ಕ ಮಾಡಿದರೆ ನಷ್ಟವಿಲ್ಲದ ಮೊತ್ತ 651, ಸಿಕ್ಕಿದ್ದು 520, ಅನುಪಾತ 0.80. ಯೂನಿಟ್‌ಗಳು ಇಳಿದ ತಿಂಗಳಲ್ಲಿಯೇ ಅನುಪಾತ ಏರಿದೆ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಏರಲು ಕಾರಣ ಮುಖ್ಯವಾಗಿ ಪ್ಯಾನೆಲ್‌ನ ಬಿಸಿ. ಪ್ಯಾನೆಲ್‌ನ ಮೇಲೆ ಬರೆದಿರುವ ವ್ಯಾಟ್ ಸಾಮರ್ಥ್ಯವನ್ನು ಅಳೆಯುವುದು ಅದರ ಕೋಶಗಳು 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವಾಗ, ಚದರ ಮೀಟರಿಗೆ 1000 ವ್ಯಾಟ್ ಬೆಳಕಿನಲ್ಲಿ. ಚಾವಣಿಯ ಮೇಲೆ ಆ ಎರಡೂ ಒಟ್ಟಿಗೆ ಇರುವುದು ಅಪರೂಪ. ಮಾರ್ಚ್‌ನ ಒಂದು ಮಧ್ಯಾಹ್ನ ಗಾಳಿಯ ಉಷ್ಣತೆ 33 ಡಿಗ್ರಿ, ಬೆಳಕು 900 ವ್ಯಾಟ್ ಇದ್ದರೆ, ಕೋಶಗಳು ಗಾಳಿಗಿಂತ ಸುಮಾರು 28 ಡಿಗ್ರಿ ಹೆಚ್ಚು ಕಾದು 61 ಡಿಗ್ರಿಯನ್ನು ಮುಟ್ಟುತ್ತವೆ. ನಮ್ಮ ಪ್ಯಾನೆಲ್‌ನ ವಿವರಪಟ್ಟಿಯ ಪ್ರಕಾರ 25ರ ಮೇಲಿನ ಪ್ರತಿ ಡಿಗ್ರಿಗೂ ಶೇ 0.35ರಷ್ಟು ಶಕ್ತಿ ಕಡಿಮೆಯಾಗುವುದರಿಂದ, ಆ ಹೊತ್ತಿನಲ್ಲಿ ಶೇ 12ರಿಂದ 13ರಷ್ಟು ಬಿಸಿಗೇ ಹೋಗಿರುತ್ತದೆ. ಮೋಡ ಕವಿದ ಜುಲೈಯಲ್ಲಿ ಗಾಳಿ 26 ಡಿಗ್ರಿ, ಬೆಳಕು 350 ವ್ಯಾಟ್ ಇದ್ದಾಗ ಕೋಶಗಳ ಉಷ್ಣತೆ 37ರ ಹತ್ತಿರ ನಿಲ್ಲುತ್ತದೆ, ನಷ್ಟ ಶೇ 4ರಷ್ಟು. ಇಡೀ ದಿನದ ಸರಾಸರಿಯಲ್ಲಿ ಈ ಅಂತರ ಅರ್ಧದಷ್ಟಾಗುತ್ತದೆ, 0.76 ಮತ್ತು 0.80ರ ನಡುವಿನ ವ್ಯತ್ಯಾಸವನ್ನು ಬಹುಮಟ್ಟಿಗೆ ಅದೇ ವಿವರಿಸುತ್ತದೆ. ಮಳೆ ಪ್ಯಾನೆಲ್‌ನ ಧೂಳನ್ನು ತೊಳೆಯುವುದೂ ಇದಕ್ಕೆ ಸೇರಿಕೊಳ್ಳುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ನಷ್ಟವುಂಟು, ಅದು ಪ್ಯಾನೆಲ್‌ನದ್ದಲ್ಲ. ಮಧ್ಯಾಹ್ನ ಬೀದಿಯ ಹಲವು ಮನೆಗಳಿಂದ ವಿದ್ಯುತ್ ಒಮ್ಮೆಗೇ ಗ್ರಿಡ್‌ಗೆ ಹರಿದಾಗ ವೋಲ್ಟೇಜ್ ಏರುತ್ತದೆ, ಪ್ಯಾನೆಲ್‌ನ ಡಿಸಿ ವಿದ್ಯುತ್ತನ್ನು ಮನೆಗೆ ಬೇಕಾದ ಎಸಿಗೆ ಬದಲಿಸುವ ಇನ್ವರ್ಟರ್‌ನಲ್ಲಿ ನಿಗದಿಪಡಿಸಿದ ಮಿತಿಯನ್ನು ದಾಟಿದರೆ ಅದು ತಾನಾಗಿಯೇ ನಿಂತು ಕೆಲವು ನಿಮಿಷಗಳ ನಂತರ ಮತ್ತೆ ಶುರುವಾಗುತ್ತದೆ. ದಿನದ ಗ್ರಾಫಿನಲ್ಲಿ ಇದು ಸೊನ್ನೆಗೆ ಇಳಿದ ಕಿರಿದಾದ ಕಂದಕಗಳಂತೆ ಕಾಣುತ್ತದೆ. ಬಿಸಿಯ ನಷ್ಟವಾದರೋ ಗ್ರಾಫಿನ ಗುಮ್ಮಟವನ್ನು ಒಡೆಯದೆ ಸ್ವಲ್ಪ ತಗ್ಗಿಸುತ್ತದೆ, ಅಷ್ಟೆ. ಗ್ರಾಫ್ ನೋಡದೆ ತಿಂಗಳ ಮೊತ್ತವನ್ನು ಮಾತ್ರ ನೋಡುವವರು ಎರಡನ್ನೂ ಬಿಸಿಲಿನ ತಲೆಗೆ ಕಟ್ಟುತ್ತಾರೆ.

ಮುಂಗಾರಿನಲ್ಲಿ ದೋಷವನ್ನು ಗುರುತಿಸುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಮೋಡ ಎಲ್ಲವನ್ನೂ ಮರೆಮಾಡುತ್ತದೆ. ಒಂದು ವರ್ಷ ಆಗಸ್ಟ್‌ನಲ್ಲಿ ನಮ್ಮ ಘಟಕದ ಮೊತ್ತ 450ಕ್ಕೆ ಇಳಿಯಿತು. ಮಳೆ ಜೋರಾಗಿತ್ತು, ಹಾಗಾಗಿ ಯಾರಿಗೂ ಅನುಮಾನ ಬರುವಂತಿರಲಿಲ್ಲ. ನಾನು ಉಪಗ್ರಹ ಆಧಾರಿತ ಅಂಕಿಗಳನ್ನು ಕೊಡುವ NASA POWER ತಾಣದಿಂದ ಆ ತಿಂಗಳು ನಿಜವಾಗಿ ಬಿದ್ದ ಬಿಸಿಲಿನ ದಿನವಾರು ಅಂಕಿಗಳನ್ನು ತೆಗೆದು ಲೆಕ್ಕ ಹಾಕಿದಾಗ ಅನುಪಾತ 0.72 ಬಂತು. ಮೋಡವಷ್ಟೇ ಕಾರಣವಾಗಿದ್ದರೆ ಅದು 0.80ರ ಸುತ್ತ ಇರಬೇಕಿತ್ತು. ಇನ್ವರ್ಟರ್‌ನ ದಾಖಲೆಯನ್ನು ತೆರೆದಾಗ ಕಾರಣ ಕಂಡಿತು: ರಾತ್ರಿ ಮಳೆಯಾದ ಮರುದಿನಗಳಲ್ಲಿ ಅದು ಬೆಳಿಗ್ಗೆ ಆರೂವರೆಯ ಬದಲು ಒಂಬತ್ತರ ನಂತರ ಶುರುವಾಗಿತ್ತು, ಅಲ್ಲಿಯವರೆಗೂ ಇನ್ಸುಲೇಷನ್ ಕಡಿಮೆ ಎಂಬ ಎಚ್ಚರಿಕೆ ಇತ್ತು. ಪ್ಯಾನೆಲ್ ಕೆಳಗೆ ಚಾವಣಿಗೆ ತಾಗುವಂತೆ ಜೋತುಬಿದ್ದಿದ್ದ ಒಂದು ಕನೆಕ್ಟರ್‌ನೊಳಗೆ ನೀರು ಸೇರಿ, ವಿದ್ಯುತ್ ನೆಲಕ್ಕೆ ಸೋರುತ್ತಿತ್ತು. ಬಿಸಿಲು ಬಂದು ಅದು ಒಣಗಿದ ಮೇಲಷ್ಟೇ ಇನ್ವರ್ಟರ್ ಒಪ್ಪಿಕೊಳ್ಳುತ್ತಿತ್ತು. ತಂತ್ರಜ್ಞರು ಡಿಸಿ ಸ್ವಿಚ್ ಆರಿಸಿ, ಕನೆಕ್ಟರ್ ಬದಲಿಸಿ, ಕೇಬಲ್‌ಗಳನ್ನು ಪ್ಯಾನೆಲ್ ಕೂರಿಸಿದ ಹಳಿಗೆ ಎತ್ತಿ ಕಟ್ಟಿದರು. ಡಿಸಿ ಕೇಬಲ್‌ನಲ್ಲಿ ಬಿಸಿಲಿರುವವರೆಗೂ ಅಪಾಯಕಾರಿ ವೋಲ್ಟೇಜ್ ಇರುವುದರಿಂದ ಈ ಕೆಲಸಕ್ಕೆ ಮನೆಯವರು ಕೈಹಾಕಬಾರದು. ಎಷ್ಟೇ ದಟ್ಟ ಮೋಡವಿದ್ದರೂ ಇನ್ವರ್ಟರ್ ಸೂರ್ಯೋದಯದ ಸ್ವಲ್ಪ ಹೊತ್ತಿನಲ್ಲೇ ಎಚ್ಚರಗೊಳ್ಳಬೇಕು ಎಂಬ ಒಂದೇ ಪರೀಕ್ಷೆಯನ್ನು ನಾನು ಅಂದಿನಿಂದ ಮಳೆಗಾಲದುದ್ದಕ್ಕೂ ಮಾಡುತ್ತೇನೆ.

ಉಪಗ್ರಹದ ಅಂಕಿಗಳಿಗೂ ಮಿತಿಯಿದೆ. NASA POWERನ ಬಿಸಿಲಿನ ಅಂಕಿ ಸುಮಾರು ನೂರು ಕಿಲೋಮೀಟರ್ ಅಗಲದ ಚೌಕದ ಸರಾಸರಿ, ನಮ್ಮ ಬಡಾವಣೆಯ ಮೇಲಷ್ಟೇ ನಿಂತ ಮೋಡ ಅದಕ್ಕೆ ಕಾಣದು. ಹಾಗಾಗಿ ಮಳೆಗಾಲದ ತಿಂಗಳಲ್ಲಿ ಅನುಪಾತ 0.03 ಅತ್ತಿತ್ತ ಆದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಅಲ್ಲದೆ ಅದು ಸಮತಟ್ಟಾದ ನೆಲದ ಮೇಲಿನ ಬಿಸಿಲು. ನಮ್ಮ ಓರೆ ಪ್ಯಾನೆಲ್‌ಗೆ ಡಿಸೆಂಬರ್‌ನಲ್ಲಿ ಅದರ ಹತ್ತರಲ್ಲೊಂದು ಪಾಲು ಹೆಚ್ಚು ಸಿಗುತ್ತದೆ. ಜೂನ್‌ನಲ್ಲಿ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿಯುವುದರಿಂದ ನೂರಕ್ಕೆ ನಾಲ್ಕೈದು ಕಡಿಮೆ ಸಿಗುತ್ತದೆ. ಇದನ್ನು ಸರಿಪಡಿಸಿಕೊಂಡೇ ಭಾಗಿಸಬೇಕು.

ಚಳಿಗಾಲದ ಮಬ್ಬು ಉತ್ತರದ ದೆಹಲಿ, ಲಕ್ನೋ ಕಡೆ ಮಾಡುವಷ್ಟು ಹಾನಿಯನ್ನು ನಮ್ಮಲ್ಲಿ ಮಾಡುವುದಿಲ್ಲ. ಅಲ್ಲಿ ಡಿಸೆಂಬರ್‌ನ ನಡುಹಗಲಿನಲ್ಲೂ ಸೂರ್ಯ ದಿಗಂತದಿಂದ 38ರಿಂದ 40 ಡಿಗ್ರಿಯಷ್ಟೇ ಮೇಲಿರುತ್ತಾನೆ, ಬೆಳಕು ಮಬ್ಬಿನ ಉದ್ದನೆಯ ಪದರವನ್ನು ಹಾಯ್ದು ಬರಬೇಕು. ಬೆಂಗಳೂರಿನಲ್ಲಿ ಆಗ ಸೂರ್ಯ 53 ಡಿಗ್ರಿ ಎತ್ತರದಲ್ಲಿರುತ್ತಾನೆ, ಮಂಜು ಬಹುತೇಕ ಬೆಳಗಿನ ಮೊದಲ ಎರಡು ಗಂಟೆಗಳನ್ನು ಮಾತ್ರ ತಿನ್ನುತ್ತದೆ. ನಮ್ಮಲ್ಲಿ ಮಬ್ಬು ಎಂದುಕೊಳ್ಳುವುದರಲ್ಲಿ ದೊಡ್ಡ ಪಾಲು ಪ್ಯಾನೆಲ್‌ನ ಮೇಲೇ ಕೂತಿರುವ ಧೂಳು, ಏಕೆಂದರೆ ನವೆಂಬರ್ ಕಳೆದ ಮೇಲೆ ಅದನ್ನು ತೊಳೆಯಲು ಮಳೆಯಿರುವುದಿಲ್ಲ. ಎರಡನ್ನೂ ಬೇರ್ಪಡಿಸಲು ನಾನು ಜನವರಿಯಲ್ಲಿ ಒಂದು ಸ್ಟ್ರಿಂಗ್‌ನ ಪ್ಯಾನೆಲ್‌ಗಳನ್ನು ಮಾತ್ರ, ಅವು ಇನ್ನೂ ತಣ್ಣಗಿರುವ ಮುಂಜಾನೆಯಲ್ಲಿ, ನೀರಿನಿಂದ ಒರೆಸಿ ಬಿಡುತ್ತೇನೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಇನ್ವರ್ಟರ್‌ನಲ್ಲಿ ಎರಡೂ ಸ್ಟ್ರಿಂಗ್‌ಗಳ ಕರೆಂಟನ್ನು ಹೋಲಿಸಿದರೆ, ತೊಳೆದದ್ದು ಎಷ್ಟು ಹೆಚ್ಚು ತೋರಿಸುತ್ತದೆಯೋ ಅಷ್ಟು ಧೂಳಿನ ನಷ್ಟ. ಅದು ಶೇ 4 ದಾಟಿದ್ದರೆ ಅಂದು ಸಂಜೆಯೇ ಇನ್ನೊಂದನ್ನೂ ತೊಳೆಯುತ್ತೇನೆ, ಎರಡೂ ಸಮವಾಗಿದ್ದರೆ ಉಳಿದ ಕೊರತೆಯನ್ನು ಗಾಳಿಯ ಮಬ್ಬಿನ ಲೆಕ್ಕಕ್ಕೆ ಬರೆದುಕೊಳ್ಳುತ್ತೇನೆ.