ಐವಿಎಫ್‌ಗೆ ಮುನ್ನ ಮೂರು ತಿಂಗಳು: ಯಾವುದನ್ನು ಕೂಡಲೇ ಬಿಡಬೇಕು, ಯಾವುದಕ್ಕೆ ಎಷ್ಟು ಕಾಯಬೇಕು

ತೂಕ ಇಳಿಸಿ, ಸಿಗರೇಟು ಬಿಡಿ, ಮದ್ಯ ನಿಲ್ಲಿಸಿ, ಆಮೇಲೆ ಚಿಕಿತ್ಸೆಗೆ ಬನ್ನಿ ಎಂಬ ಮಾತನ್ನು ಐವಿಎಫ್‌ಗೆ, ಅಂದರೆ ಅಂಡಾಣುವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ವೀರ್ಯಾಣುವಿನೊಂದಿಗೆ ಸೇರಿಸುವ ಚಿಕಿತ್ಸೆಗೆ, ಹೊರಟ ದಂಪತಿಗಳು ಒಂದೇ ಉಸಿರಿನಲ್ಲಿ ಕೇಳಿಸಿಕೊಳ್ಳುತ್ತಾರೆ. ಆದರೆ ಈ ಮೂರೂ ಒಂದೇ ತೂಕದ ಮಾತುಗಳಲ್ಲ. ಧೂಮಪಾನ ಬಿಡುವುದರಿಂದ ಚಿಕಿತ್ಸೆಗೆ ಆಗುವ ಲಾಭದಲ್ಲಿ ಅನುಮಾನ ಕಡಿಮೆ. ತೂಕ ಇಳಿಸುವುದರ ಲಾಭ ಮಾತ್ರ ಮಹಿಳೆಯ ವಯಸ್ಸನ್ನೂ ಮುಟ್ಟಿನ ಕ್ರಮವನ್ನೂ ಅವಲಂಬಿಸಿದೆ. ಆದ್ದರಿಂದ ಯಾವುದನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ನೋಡೋಣ.

ಪತ್ನಿಗೆ 32 ವರ್ಷ, ಎತ್ತರ 160 ಸೆಂಟಿಮೀಟರ್, ತೂಕ 84 ಕಿಲೋ. ಅಂಡೋತ್ಪತ್ತಿಯನ್ನು ಏರುಪೇರು ಮಾಡುವ ಹಾರ್ಮೋನು ತೊಂದರೆಯಾದ ಪಿಸಿಓಎಸ್ ಇರುವುದರಿಂದ ಮುಟ್ಟು 45ರಿಂದ 60 ದಿನಗಳಿಗೊಮ್ಮೆ ಬರುತ್ತದೆ. ಪತಿ ದಿನಕ್ಕೆ ಹತ್ತು ಸಿಗರೇಟು ಸೇದುತ್ತಾರೆ. ಇಬ್ಬರೂ ವಾರದಲ್ಲಿ ಎರಡು ಸಂಜೆ ಎರಡೆರಡು ಪೆಗ್ ಮದ್ಯ ಸೇವಿಸುತ್ತಾರೆ.

ಮೊದಲ ಹೆಜ್ಜೆ ದಿನಾಂಕ ಗೊತ್ತುಮಾಡುವುದು. ವೀರ್ಯಾಣು ಹುಟ್ಟಿ, ಬಲಿತು, ಹೊರಬರಲು ಎರಡೂವರೆಯಿಂದ ಮೂರು ತಿಂಗಳು ಬೇಕು. ಅಂಡಾಣು ಬೆಳವಣಿಗೆಯ ಕೊನೆಯ ಘಟ್ಟವೂ ಹೆಚ್ಚುಕಡಿಮೆ ಅಷ್ಟೇ ಅವಧಿಯದು. ಹಾಗಾಗಿ ಅಂಡಾಣು ಹೊರತೆಗೆಯುವ ದಿನದಿಂದ ಹಿಂದಕ್ಕೆ ಮೂರು ತಿಂಗಳು ಎಣಿಸಿದರೆ ಸಿಗುವ ದಿನವೇ ನಿಜವಾದ ಆರಂಭ. ಚಿಕಿತ್ಸೆಯ ಚುಚ್ಚುಮದ್ದು ಶುರುವಾಗುವ ವಾರ ಸಿಗರೇಟು ಬಿಟ್ಟ ಪತಿಯ ವೀರ್ಯಾಣುಗಳು ಹೊಗೆಯ ಕಾಲದಲ್ಲೇ ತಯಾರಾಗಿರುತ್ತವೆ. ಬಿಟ್ಟು ಮೂರೇ ವಾರಕ್ಕೆ ವೀರ್ಯ ಪರೀಕ್ಷೆ ಮಾಡಿಸಿ, ಏನೂ ಸುಧಾರಿಸಿಲ್ಲವೆಂದು ನಿರಾಶರಾಗುವುದು ಕೂಡ ಇದೇ ಲೆಕ್ಕ ತಪ್ಪಿದ್ದರಿಂದ.

ಎರಡನೆಯ ಹೆಜ್ಜೆ ಧೂಮಪಾನ. ಐವಿಎಫ್ ಮಾಡಿಸಿಕೊಂಡ ಮಹಿಳೆಯರ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಧೂಮಪಾನಿಗಳಲ್ಲಿ ಮಗು ಹುಟ್ಟುವ ಸಾಧ್ಯತೆಯ ಅನುಪಾತ ಧೂಮಪಾನ ಮಾಡದವರ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ 0.54. ಇದು ಮಗುವಾದವರಿಗೂ ಆಗದವರಿಗೂ ಇರುವ ಅನುಪಾತದ ಹೋಲಿಕೆಯಾದ್ದರಿಂದ ನೇರ ಶೇಕಡಾವಾರು ಎಂದು ಓದಬಾರದು. ಧೂಮಪಾನ ಮಾಡದ ನೂರು ಮಹಿಳೆಯರಲ್ಲಿ 30 ಮಂದಿಗೆ ಮಗುವಾಗುವ ಪರಿಸ್ಥಿತಿಯಿದ್ದರೆ, ಅದೇ ಸ್ಥಿತಿಯ ನೂರು ಧೂಮಪಾನಿಗಳಲ್ಲಿ ಸುಮಾರು 19 ಮಂದಿಗೆ ಆಗುತ್ತದೆ ಎಂಬುದು ಅದರ ಅರ್ಥ. ಹೊಗೆಯಲ್ಲಿರುವ ಕ್ಯಾಡ್ಮಿಯಂ ಮತ್ತು ನಿಕೋಟಿನ್‌ನ ಅವಶೇಷಗಳು ಅಂಡಾಣುವಿನ ಸುತ್ತಲಿನ ದ್ರವದಲ್ಲಿಯೇ ಸಿಕ್ಕಿವೆ. ಅಂಡಾಶಯದ ಸಂಗ್ರಹ ಬೇಗ ಕರಗುವುದರಿಂದ ಋತುಬಂಧ ಕೂಡ ಒಂದರಿಂದ ನಾಲ್ಕು ವರ್ಷ ಮುಂಚಿತವಾಗಿ ಬರುತ್ತದೆ. ಹೀಗೆ ಕಳೆದುಹೋದ ಅಂಡಾಣುಗಳು ಸಿಗರೇಟು ಬಿಟ್ಟರೂ ಮರಳುವುದಿಲ್ಲ. ಉಳಿದವು ಬೆಳೆಯುವ ವಾತಾವರಣ ಮಾತ್ರ ಸುಧಾರಿಸುತ್ತದೆ.

ನಮ್ಮ ಉದಾಹರಣೆಯಲ್ಲಿ ಸೇದುವವರು ಪತಿ. ಹಾಗೆಂದು ಇದು ಅವರೊಬ್ಬರ ವಿಷಯವಲ್ಲ. ಹೊಗೆ ವೀರ್ಯಾಣುವಿನ ಸಂಖ್ಯೆ ಮತ್ತು ಚಲನೆಯನ್ನು ತಗ್ಗಿಸಿ ಅದರೊಳಗಿನ ಡಿಎನ್‌ಎಗೆ ಹಾನಿ ಮಾಡುತ್ತದೆ. ಮನೆಯೊಳಗೆ ಸೇದಿದರೆ ಪತ್ನಿಯ ಉಸಿರಿಗೂ ಸೇರುತ್ತದೆ. ಹತ್ತನ್ನು ಎಂಟಕ್ಕೆ, ಎಂಟನ್ನು ಐದಕ್ಕೆ ಇಳಿಸುತ್ತಾ ತಿಂಗಳುಗಳನ್ನು ಕಳೆಯುವುದಕ್ಕಿಂತ ಒಂದು ದಿನ ಗೊತ್ತುಮಾಡಿ ಪೂರ್ತಿ ನಿಲ್ಲಿಸುವುದು ಉತ್ತಮ. ಮೊದಲ ಎರಡು ಮೂರು ವಾರ ಚಡಪಡಿಕೆ ತೀವ್ರವಾಗಿರುವುದರಿಂದ, ವೈದ್ಯರ ಸಲಹೆಯಂತೆ ನಿಕೋಟಿನ್ ಪಟ್ಟಿ ಅಥವಾ ಗಮ್ ಬಳಸಬಹುದು. ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಸಣ್ಣ ಉಪಕರಣ ಕೆಲವು ಚಿಕಿತ್ಸಾಲಯಗಳಲ್ಲಿ ಇರುತ್ತದೆ. ಅದು ಹಿಡಿಯುವುದು ಕಳೆದ ಒಂದು ದಿನದ ಆಸುಪಾಸಿನ ಹೊಗೆಯನ್ನು ಮಾತ್ರ. ಪರೀಕ್ಷೆಯ ಹಿಂದಿನ ದಿನವಷ್ಟೇ ಸಿಗರೇಟು ಬಿಟ್ಟವರು ಯಂತ್ರವನ್ನು ಒಪ್ಪಿಸಬಹುದು, ವೀರ್ಯಾಣುವನ್ನಲ್ಲ.

ಮದ್ಯದ ಮಾತು ಚಿಕ್ಕದು. ಅಮೆರಿಕದಲ್ಲಿ 2,545 ದಂಪತಿಗಳ ಐವಿಎಫ್ ಆವರ್ತಗಳನ್ನು ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪತಿ ಪತ್ನಿ ಇಬ್ಬರೂ ವಾರಕ್ಕೆ ನಾಲ್ಕು ಅಥವಾ ಹೆಚ್ಚು ಪೆಗ್ ಕುಡಿಯುತ್ತಿದ್ದಲ್ಲಿ, ಅದಕ್ಕಿಂತ ಕಡಿಮೆ ಕುಡಿಯುವ ದಂಪತಿಗಳಿಗೆ ಹೋಲಿಸಿದರೆ, ಮಗು ಹುಟ್ಟುವ ಸಾಧ್ಯತೆಯ ಅನುಪಾತ 0.79 ಇತ್ತು; ಹಿಂದಿನ ಲೆಕ್ಕದಲ್ಲಿ ಹೇಳುವುದಾದರೆ ನೂರರಲ್ಲಿ 30 ಇದ್ದದ್ದು 25ರಷ್ಟಾಗುತ್ತದೆ. ನಮ್ಮ ದಂಪತಿಯ ವಾರಾಂತ್ಯದ ರೂಢಿ ಸರಿಯಾಗಿ ಈ ಗಡಿಯ ಮೇಲೆಯೇ ನಿಂತಿದೆ. ಇದೂ, ಧೂಮಪಾನದ ಲೆಕ್ಕವೂ ಜನರನ್ನು ಗಮನಿಸಿ ಪಡೆದವು. ಕುಡಿಯುವವರಲ್ಲಿ ಬೇರೆ ವ್ಯತ್ಯಾಸಗಳೂ ಇರಬಹುದಾದ್ದರಿಂದ ಪೂರ್ತಿ ಹೊಣೆಯನ್ನು ಮದ್ಯದ ಮೇಲೆ ಹೊರಿಸಲಾಗದು. ಆದರೂ ಗರ್ಭದಲ್ಲಿರುವ ಮಗುವಿಗೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಗೊತ್ತಿಲ್ಲದಿರುವಾಗ, ಮೂರು ತಿಂಗಳ ಮೊದಲ ದಿನದಿಂದಲೇ ಇಬ್ಬರೂ ನಿಲ್ಲಿಸುವುದು ಸರಳ. ನಿತ್ಯವೂ ಹೆಚ್ಚು ಕುಡಿಯುವ ಅಭ್ಯಾಸವಿದ್ದವರು ಮಾತ್ರ ದಿಢೀರನೆ ಬಿಡದೆ ವೈದ್ಯರ ನಿಗಾದಲ್ಲಿ ಬಿಡಬೇಕು, ಏಕೆಂದರೆ ನಡುಕ ಮತ್ತು ಸೆಳವು ಬರುವ ಅಪಾಯವಿದೆ.

ಈಗ ತೂಕ, ಗೊಂದಲ ಹೆಚ್ಚಿರುವುದು ಇಲ್ಲಿಯೇ. ಪತ್ನಿಯ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ 32.8 ಬರುತ್ತದೆ. ಬಿಎಂಐ 30 ದಾಟಿದವರಿಗೆ ಚುಚ್ಚುಮದ್ದಿನ ಔಷಧ ಹೆಚ್ಚು ಬೇಕಾಗುತ್ತದೆ, ಗರ್ಭಪಾತದ ಸಂಭವವೂ ಹೆಚ್ಚು. ಹಾಗಾದರೆ ತೂಕ ಇಳಿಸಿದರೆ ಐವಿಎಫ್ ಯಶಸ್ಸು ಅದೇ ಪ್ರಮಾಣದಲ್ಲಿ ಏರಬೇಕಲ್ಲವೇ? ಪ್ರಯೋಗಗಳು ಹಾಗೆ ಹೇಳುತ್ತಿಲ್ಲ. 2017ರಲ್ಲಿ ಪ್ರಕಟವಾದ ನಾರ್ಡಿಕ್ ದೇಶಗಳ ಪ್ರಯೋಗದಲ್ಲಿ, ಐವಿಎಫ್‌ಗೆ ಮುನ್ನ ಕಟ್ಟುನಿಟ್ಟಿನ ಪಥ್ಯದಿಂದ ಸರಾಸರಿ ಒಂಬತ್ತು ಕಿಲೋಗಿಂತ ಹೆಚ್ಚು ಇಳಿಸಿದ ಗುಂಪಿನಲ್ಲಿ ಶೇ 29.6, ನೇರವಾಗಿ ಚಿಕಿತ್ಸೆಗೆ ಹೋದ ಗುಂಪಿನಲ್ಲಿ ಶೇ 27.5 ಮಹಿಳೆಯರಿಗೆ ಮಗುವಾಯಿತು. ಇದನ್ನು ನಿಜವಾದ ವ್ಯತ್ಯಾಸವೆಂದು ಪರಿಗಣಿಸಲಾಗದು. ಆದರೆ ತೂಕ ಇಳಿಸಿದವರಲ್ಲಿ ಶೇ 10.5 ಮಂದಿಯ ಹೆರಿಗೆ ಸಹಜ ಗರ್ಭಧಾರಣೆಯಿಂದಲೇ ಆಯಿತು, ಇನ್ನೊಂದು ಗುಂಪಿನಲ್ಲಿ ಅದು ಶೇ 2.6 ಮಾತ್ರ. ತೂಕ ಇಳಿಕೆಯ ಮುಖ್ಯ ಫಲ ಪ್ರಯೋಗಾಲಯದಲ್ಲಲ್ಲ, ನಿಂತುಹೋಗಿದ್ದ ಅಂಡೋತ್ಪತ್ತಿ ಮರಳುವುದರಲ್ಲಿ ಕಾಣುತ್ತದೆ ಎಂದು ನಾನು ಇದನ್ನು ಓದುತ್ತೇನೆ.

ನಮ್ಮ ಉದಾಹರಣೆಯ ಪತ್ನಿಗೆ ಆದ್ದರಿಂದಲೇ ತೂಕ ಇಳಿಸುವುದರಲ್ಲಿ ಅರ್ಥವಿದೆ. ಪಿಸಿಓಎಸ್ ಇರುವವರಲ್ಲಿ ತೂಕದ ಶೇ 5ರಷ್ಟು ಇಳಿದರೂ ಅಂಡೋತ್ಪತ್ತಿ ಮರಳಬಹುದು. 84 ಕಿಲೋದಲ್ಲಿ ಅದು ನಾಲ್ಕು ಕಿಲೋ ಚಿಲ್ಲರೆ. ವಾರಕ್ಕೆ ಅರ್ಧ ಕಿಲೋದಂತೆ ಹತ್ತು ವಾರ, ನಂತರ ಎರಡು ಮೂರು ವಾರ ತೂಕವನ್ನು ಸ್ಥಿರವಾಗಿ ಇಟ್ಟುಕೊಂಡು ಚಿಕಿತ್ಸೆಗೆ ಹೋಗುವುದು ಸಾಧ್ಯವಾದ ಗುರಿ. ತಕ್ಕಡಿಗಿಂತ ನಂಬಬೇಕಾದದ್ದು ಮುಟ್ಟಿನ ಅಂತರ: 50 ದಿನಗಳಿದ್ದದ್ದು 35ರ ಒಳಗೆ ಬಂದರೆ ಫಲ ಸಿಗುತ್ತಿದೆ ಎಂದರ್ಥ. ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮುಂಚೆ ಪ್ರೊಜೆಸ್ಟರಾನ್ ಪರೀಕ್ಷೆ ಮಾಡಿಸಿದರೆ ಅಂಡೋತ್ಪತ್ತಿ ಆಗಿದೆಯೇ ಎಂಬುದು ಖಚಿತವಾಗುತ್ತದೆ. ತೂಕ ಇಳಿಸಲು ಸೆಮಗ್ಲುಟೈಡ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಗರ್ಭಧಾರಣೆಯ ಯತ್ನಕ್ಕೆ ಕನಿಷ್ಠ ಎರಡು ತಿಂಗಳು ಮುಂಚೆ ಅದನ್ನು ನಿಲ್ಲಿಸಬೇಕು.

ಇದೇ ಬಿಎಂಐ ಇರುವ ಮಹಿಳೆಗೆ 39 ವರ್ಷವಾಗಿದ್ದು, ಮುಟ್ಟು ಕ್ರಮವಾಗಿದ್ದು, ಅಂಡಾಶಯದ ಸಂಗ್ರಹ ಕಡಿಮೆಯಿದ್ದರೆ ಲೆಕ್ಕ ತಿರುಗಿಬೀಳುತ್ತದೆ. ಹತ್ತು ಕಿಲೋ ಇಳಿಸಲು ಒಂದು ವರ್ಷ ಕಾದರೆ ಗಳಿಸಿದ್ದಕ್ಕಿಂತ ವಯಸ್ಸು ಕಸಿದದ್ದೇ ಹೆಚ್ಚಾಗಬಹುದು. ಅಂಥವರು ಸಿಗರೇಟು ಮತ್ತು ಮದ್ಯವನ್ನು ಕೂಡಲೇ ಬಿಟ್ಟು, ತೂಕಕ್ಕಾಗಿ ಚಿಕಿತ್ಸೆಯನ್ನು ಮುಂದೂಡಬೇಕೇ ಎಂಬುದನ್ನು ವೈದ್ಯರ ಬಳಿ ನೇರವಾಗಿ ಕೇಳಬೇಕು. ಅರಿವಳಿಕೆಯ ಸುರಕ್ಷತೆ ಹಾಗೂ ಗರ್ಭಾವಸ್ಥೆಯ ರಕ್ತದೊತ್ತಡ, ಮಧುಮೇಹದ ಕಾರಣಕ್ಕೆ ವೈದ್ಯರು ಕಾಯಲು ಹೇಳಬಹುದು. ಅದು ಯಶಸ್ಸಿನ ದರಕ್ಕಿಂತ ಬೇರೆಯದೇ ಕಾರಣ ಎಂಬುದು ತಿಳಿದಿದ್ದರೆ ನಿರ್ಧಾರ ಸುಲಭ.

ಒಂದು ಎಚ್ಚರ ಎಲ್ಲರಿಗೂ ಅನ್ವಯಿಸುತ್ತದೆ. ಮೂರು ತಿಂಗಳ ಈ ಅವಧಿಯಲ್ಲಿ ಸಹಜವಾಗಿಯೇ ಗರ್ಭ ನಿಲ್ಲಬಹುದು, ಮುಟ್ಟು ಮೊದಲಿನಿಂದಲೂ ತಡವಾಗಿ ಬರುವವರಿಗೆ ಅದು ಗೊತ್ತಾಗದೆ ಹೋಗಬಹುದು. ಆದ್ದರಿಂದ ಫೋಲಿಕ್ ಆಮ್ಲವನ್ನು ಆರಂಭದಿಂದಲೇ, ಈ ಬಿಎಂಐಗೆ ಎಷ್ಟು ಬೇಕೆಂದು ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು. ಮುಟ್ಟು ತರಿಸುವ ಮಾತ್ರೆಯನ್ನಾಗಲೀ ಮೊದಲ ಚುಚ್ಚುಮದ್ದನ್ನಾಗಲೀ ತೆಗೆದುಕೊಳ್ಳುವ ಮುನ್ನ ಗರ್ಭ ಪರೀಕ್ಷೆ ಮಾಡಿಕೊಳ್ಳಬೇಕು.